ಫೆಸ್ಟಿವಲ್ ಗೇಟಿನಿಂದ ಹೊರಗೆ ಕಾಲಿಡುವ ಮುಂಚೆ: ಒಂದು ದಿನದ ಪಾಸ್, ಮೂರು ದಿನದ ಪಾಸ್ ಇದ್ದವರಿಗೆ ಎಚ್ಚರಿಕೆ

ಕೊಡಗಿನ ಕಾಫಿ ತೋಟಗಳ ನಡುವೆ ನಡೆಯುವ ಸಂಗೀತ ಫೆಸ್ಟಿವಲ್‌ಗೆ ಹೋಗುವವರು ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಓದಿ. ಮೊದಲ ಸಲ ಒಳಗೆ ಹೋಗಲು ಕಷ್ಟವೇನಿಲ್ಲ. ಹೊರಗೆ ಬಂದು ಮತ್ತೆ ಒಳಗೆ ಹೋಗುವುದೇ ಕಷ್ಟ. ನಮ್ಮ ಭಾವ ದುಡ್ಡು ಕೊಟ್ಟು ಪಾಸ್ ತೆಗೆದುಕೊಂಡಿದ್ದರೂ, ತಾವು ಕಾಯುತ್ತಿದ್ದ ತಂಡ ವೇದಿಕೆ ಹತ್ತುವ ಹೊತ್ತಿಗೆ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತಿದ್ದರು. ಅವರಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಅಕ್ಕ, ನಾನು, ನನ್ನ ಗೆಳತಿ, ಮೂವರ ಬಳಿಯೂ ಶುಕ್ರವಾರದಿಂದ ಭಾನುವಾರದವರೆಗಿನ ಪಾಸ್ ಇತ್ತು. ಭಾವನಿಗೆ ರಜೆ ಸಿಗದ ಕಾರಣ ಶನಿವಾರಕ್ಕೆ ಮಾತ್ರ ಒಂದು ದಿನದ ಪಾಸ್ ತೆಗೆದುಕೊಂಡು ಮೈಸೂರಿನಿಂದ ಬಸ್ಸಿನಲ್ಲಿ ಬಂದರು. ಗೋಣಿಕೊಪ್ಪದ ಆಚೆ ಒಂದು ತೋಟಕ್ಕೆ ಹೊಂದಿಕೊಂಡ ಬಯಲು ಅದು. ಶುಕ್ರವಾರ ನಾವು ಮೂವರು ಹೋದಾಗ ಫೋನಿನಲ್ಲಿದ್ದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಮಣಿಕಟ್ಟಿಗೆ ನೇಯ್ದ ಬಟ್ಟೆಯ ಬ್ಯಾಂಡ್ ಕಟ್ಟಿದರು. ಅದರಲ್ಲಿ ಸಣ್ಣ ಚಿಪ್ ಇರುತ್ತದೆ, ಪ್ಲಾಸ್ಟಿಕ್ ಕ್ಲಿಪ್ ಒಂದೇ ದಿಕ್ಕಿಗೆ ಜಾರುತ್ತದೆ, ಬಿಗಿ ಮಾಡಬಹುದು, ಸಡಿಲ ಮಾಡಲಾಗದು. ಶನಿವಾರ ಭಾವನಿಗೆ ಕಟ್ಟಿದ್ದು ಕಿತ್ತಳೆ ಬಣ್ಣದ ಕಾಗದದಂಥ ಬ್ಯಾಂಡ್. ಒಂದು ತುದಿಯಲ್ಲಿ ಅಂಟು, ಚಿಪ್ ಇಲ್ಲ. ಆ ದಿನಕ್ಕೆ ಆ ಬಣ್ಣ, ಮರುದಿನ ಬೇರೆ ಬಣ್ಣ.

ಬ್ಯಾಂಡ್ ಕಟ್ಟಿದ ಕ್ಷಣದಿಂದ ಫೋನಿನಲ್ಲಿರುವ ಟಿಕೆಟ್‌ಗೆ ಬೆಲೆಯಿಲ್ಲ. ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಿ. ಕೋಡ್ ಒಮ್ಮೆ ಸ್ಕ್ಯಾನ್ ಆದರೆ ಅವರ ಲೆಕ್ಕದಲ್ಲಿ ಅದು ಬಳಸಿದ ಟಿಕೆಟ್. ಮತ್ತೆ ತೋರಿಸಿದರೆ ಕೆಂಪು ದೀಪವೇ ಬರುತ್ತದೆ. ಆಮೇಲೆ ನಿಮ್ಮ ಹಕ್ಕೆಲ್ಲ ಕೈಗೆ ಕಟ್ಟಿದ ಪಟ್ಟಿಯಲ್ಲಿದೆ. ಫೋನಿನಲ್ಲಿ ಟಿಕೆಟ್ ಇದೆಯಲ್ಲ ಎಂಬ ಧೈರ್ಯದಲ್ಲಿ ಹೊರಗೆ ಬಂದವರನ್ನು ಆ ರಾತ್ರಿ ಗೇಟಿನಲ್ಲಿ ಸಾಲಾಗಿ ನೋಡಿದೆವು.

ರಾತ್ರಿ ಒಂಬತ್ತು ದಾಟುತ್ತಿದ್ದಂತೆ ಚಳಿ ಏರಿತು. ಜನವರಿಯಲ್ಲಿ ತೋಟದ ನಡುವಿನ ತಗ್ಗು ಜಾಗದಲ್ಲಿ ಮಂಜು ಇಳಿಯುವುದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಸ್ವೆಟರ್‌ಗಳೆಲ್ಲ ಕಾರಿನಲ್ಲಿದ್ದವು. ಪಾರ್ಕಿಂಗ್ ಕಡೆಗೆ ಬೇಲಿಯಲ್ಲಿ ಒಂದು ದಾರಿ ಬಿಟ್ಟಿದ್ದರು, ಅಲ್ಲಿ ನಿಂತಿದ್ದ ಸೆಕ್ಯುರಿಟಿಯ ಹುಡುಗ, 'ಈ ಕಡೆಯಿಂದ ಹೋಗಿ ಅಕ್ಕ, ಹತ್ತಿರ ಆಗುತ್ತೆ' ಎಂದ. ನಾಲ್ವರೂ ಹೋದೆವು. ಅಲ್ಲಿ ಯಾರ ಕೈಯನ್ನೂ ಸ್ಕ್ಯಾನ್ ಮಾಡಲಿಲ್ಲ. ಜನ ಸುಮ್ಮನೆ ಹೊರಗೆ ಹೋಗುತ್ತಿದ್ದರು.

ಸ್ವೆಟರ್ ಹಾಕಿಕೊಂಡು ಮುಖ್ಯ ಗೇಟಿಗೆ ಬಂದೆವು. ನನ್ನ ಬ್ಯಾಂಡ್ ರೀಡರ್‌ಗೆ ತಾಗಿಸಿದಾಗ ಕೆಂಪು. ಅಕ್ಕನದೂ ಕೆಂಪು. ಗೆಳತಿಯದೂ ಕೆಂಪು. ಗೇಟಿನವರು ಹೇಳಿದ್ದು, 'ನೀವು ಒಳಗೇ ಇದ್ದೀರಿ ಅಂತ ತೋರಿಸ್ತಿದೆ.' ನಾವು ಅವರ ಮುಂದೆ ನಿಂತಿದ್ದೇವೆ, ಯಂತ್ರದ ಪ್ರಕಾರ ನಾವು ಒಳಗಿದ್ದೇವೆ.

ಕಾರಣ ಆಮೇಲೆ ಹೆಲ್ಪ್ ಡೆಸ್ಕ್‌ನಲ್ಲಿ ಗೊತ್ತಾಯಿತು. ಇಂಥ ಗೇಟುಗಳಲ್ಲಿ ಒಳಗೆ ಹೋಗುವಾಗ ಒಂದು ಸ್ಕ್ಯಾನ್, ಹೊರಗೆ ಬರುವಾಗ ಇನ್ನೊಂದು ಸ್ಕ್ಯಾನ್. ಎರಡೂ ಒಂದಾದ ಮೇಲೆ ಒಂದು ಬರಬೇಕು. ಒಳಗೆ ಹೋದ ಬ್ಯಾಂಡ್ ಹೊರಗೆ ಬಂದ ದಾಖಲೆ ಇಲ್ಲದೆ ಮತ್ತೆ ಒಳಗೆ ಹೋಗಲು ಬಂದರೆ ತಡೆಯುತ್ತದೆ. ಇದಕ್ಕೆ ಆ್ಯಂಟಿ ಪಾಸ್‌ಬ್ಯಾಕ್ ಎನ್ನುತ್ತಾರೆ. ಒಬ್ಬರು ಒಳಗೆ ಹೋಗಿ, ಬ್ಯಾಂಡ್ ಬಿಚ್ಚಿ ಬೇಲಿಯಾಚೆ ಗೆಳೆಯನಿಗೆ ಎಸೆದು, ಅವನೂ ಅದರಲ್ಲೇ ಒಳಗೆ ಬರುವುದನ್ನು ತಡೆಯಲು ಮಾಡಿದ್ದು. ಆ ನಿಯಮದ ಮೇಲೆ ನನಗೆ ತಕರಾರಿಲ್ಲ. ಆದರೆ ನಿಯಮ ಇಟ್ಟ ಮೇಲೆ ಸ್ಕ್ಯಾನರ್ ಇಲ್ಲದ ದಾರಿಯಲ್ಲಿ ಜನರನ್ನು ಹೊರಗೆ ಕಳಿಸಬಾರದು. ಕಳಿಸಿದವರು ಅವರ ಸಿಬ್ಬಂದಿ, ಕಳ್ಳರಂತೆ ನಿಲ್ಲಬೇಕಾದವರು ನಾವು.

ನಮ್ಮ ಮೂವರ ವಿಷಯ ಬಗೆಹರಿಯಿತು, ಆದರೆ ಸುಲಭಕ್ಕಲ್ಲ. ಗೇಟಿನ ಹುಡುಗರ ಸ್ಕ್ಯಾನರ್‌ನಲ್ಲಿ ಅದನ್ನು ಸರಿಪಡಿಸುವ ಅಧಿಕಾರವೇ ಇರುವುದಿಲ್ಲ, ಅವರ ಹತ್ತಿರ ಜಗಳವಾಡಿ ಪ್ರಯೋಜನವಿಲ್ಲ. ಹೆಲ್ಪ್ ಡೆಸ್ಕ್‌ನಲ್ಲಿ ಬುಕಿಂಗ್ ನಂಬರ್, ಬುಕ್ ಮಾಡಿದವರ ಗುರುತಿನ ಚೀಟಿ, ಕೈಯಲ್ಲಿ ಬಿಗಿಯಾಗಿರುವ ಬ್ಯಾಂಡ್, ಈ ಮೂರನ್ನೂ ನೋಡಿದರು. ಆಮೇಲೆ ಮೇಲ್ವಿಚಾರಕರು ತಮ್ಮ ಲಾಗಿನ್‌ನಿಂದ ನಮ್ಮನ್ನು 'ಹೊರಗೆ' ಎಂದು ಬದಲಿಸಿದರು. ಬುಕಿಂಗ್ ಅಕ್ಕನ ಹೆಸರಿನಲ್ಲಿತ್ತು, ಅವಳ ಆಧಾರ್ ಕಾರ್ಡ್ ಪರ್ಸಿನಲ್ಲಿತ್ತು, ಹಾಗಾಗಿ ಆಯಿತು. ಬುಕ್ ಮಾಡಿದವರು ಜೊತೆಗಿಲ್ಲದ ಒಂದು ಗುಂಪು ನಮ್ಮ ಪಕ್ಕದಲ್ಲೇ ಫೋನ್ ಮೇಲೆ ಫೋನ್ ಮಾಡುತ್ತಾ ನಿಂತಿತ್ತು. ತೋಟದಲ್ಲಿ ನೆಟ್‌ವರ್ಕ್ ಸಿಗದೆ ಯಾವ ಕರೆಯೂ ಹೋಗುತ್ತಿರಲಿಲ್ಲ.

ಭಾವನ ವಿಷಯ ಬೇರೆ. ಒಂದು ದಿನದ ಪಾಸ್‌ನ ಹಿಂದೆ ಇರುವ ಲೆಕ್ಕವೇ ಬೇರೆ. ಅದು ಆ ದಿನಕ್ಕೆ ಒಂದೇ ಪ್ರವೇಶ, ಸುಮ್ಮನೆ ಹೊರಗೆ ಬಂದರೆ ಮರುಪ್ರವೇಶ ಇಲ್ಲ. ಮರುಪ್ರವೇಶ ಬೇಕಾದರೆ ಮುಖ್ಯ ಗೇಟಿನಲ್ಲೇ ಹೊರಗೆ ಬಂದು, ಅಲ್ಲಿ ಎರಡನೇ ಬ್ಯಾಂಡ್ ಕೇಳಿ ಕಟ್ಟಿಸಿಕೊಳ್ಳಬೇಕಿತ್ತು. ಮರಳಿ ಬರುವಾಗ ಕಿತ್ತಳೆ ಬಣ್ಣದ್ದೂ ಇರಬೇಕು, ಈ ಎರಡನೆಯದೂ ಇರಬೇಕು. ಅದನ್ನೂ ರಾತ್ರಿ 9ರವರೆಗೆ ಮಾತ್ರ ಕೊಡುತ್ತಿದ್ದರಂತೆ. ನಾವು ಹೊರಗೆ ಬಂದಾಗ ಒಂಬತ್ತೂವರೆ. ಬೇಲಿಯ ದಾರಿಯಲ್ಲಿ ಇದ್ದ ಹುಡುಗ ಭಾವನ ಕೈಯಲ್ಲಿದ್ದ ಬಣ್ಣ ನೋಡಿಯೂ ಏನೂ ಹೇಳಲಿಲ್ಲ. ಬಹುಶಃ ಅವನಿಗೂ ಯಾರೂ ಹೇಳಿರಲಿಲ್ಲ.

ಮೇಲ್ವಿಚಾರಕರು ಒಳ್ಳೆಯವರೇ ಇದ್ದರು. ನಿಮ್ಮ ತಪ್ಪಲ್ಲ, ನೋಡೋಣ ಎಂದು ಭಾವನ ಕೈ ಹಿಡಿದು ನೋಡಿದರು. ಅಲ್ಲಿ ಎರಡನೇ ಪೆಟ್ಟು. ಕಾರಿನಲ್ಲಿ ಸ್ವೆಟರ್ ಹಾಕಿಕೊಳ್ಳುವಾಗ ತೋಳು ಬ್ಯಾಂಡಿಗೆ ಸಿಕ್ಕಿ ಎಳೆದಿತ್ತು. ಈ ಕಾಗದದಂಥ ಬ್ಯಾಂಡ್ ನೀರಿಗೆ ಹಾಳಾಗುವುದಿಲ್ಲ, ಕೈಯಿಂದ ಎಳೆದರೂ ಸುಲಭಕ್ಕೆ ಹರಿಯುವುದಿಲ್ಲ. ಆದರೆ ಅಂಟಿನ ತುದಿಯಲ್ಲಿ ಬೇಕೆಂದೇ ಸಣ್ಣ ಸಣ್ಣ ಸೀಳು ಕೊಟ್ಟಿರುತ್ತಾರೆ. ಅಂಟು ಬಿಡಿಸಿ ಇನ್ನೊಬ್ಬರಿಗೆ ಕಟ್ಟಲು ನೋಡಿದರೆ ಆ ಸೀಳುಗಳು ಬಿಟ್ಟುಕೊಂಡು ಗುರುತು ಉಳಿಯಲಿ ಎಂದು. ಬಿಗಿ ತೋಳಿನ ಸ್ವೆಟರ್ ಎಳೆದಾಗಲೂ ಅದೇ ಸೀಳುಗಳು ಬಿಟ್ಟುಕೊಳ್ಳುತ್ತವೆ. ನೋಡಿದವರಿಗೆ ಬಿಚ್ಚಿ ಮತ್ತೆ ಅಂಟಿಸಿದಂತೆಯೇ ಕಾಣುತ್ತದೆ. ಅವರು ತಲೆ ಅಲ್ಲಾಡಿಸಿದರು. ಮೊದಲನೆಯದನ್ನು ಬಿಟ್ಟುಕೊಟ್ಟರೂ ಇದನ್ನು ಬಿಡಲು ತಮಗೆ ಅಧಿಕಾರ ಇಲ್ಲ ಎಂದರು. ಹೊಸ ಪಾಸ್ ಕೊಳ್ಳೋಣ ಎಂದರೆ ಆ ದಿನದ ಮಾರಾಟ ಮುಗಿದಿತ್ತು. ಅಷ್ಟು ಹೊತ್ತಿಗೆ ಮೈಸೂರಿಗೆ ಬಸ್ಸೂ ಇರಲಿಲ್ಲ. ಅಕ್ಕ ತನ್ನ ಪಾಸ್ ಬಿಟ್ಟು ಭಾವನ ಜೊತೆ ಕಾರಿನಲ್ಲೇ ಕೂತಳು.

ಹಾಗಾಗಿ ಒಂದು ದಿನದ ಪಾಸ್ ಇರುವವರಿಗೆ ನನ್ನ ಕೋರಿಕೆ ಇಷ್ಟು. ಸ್ವೆಟರ್, ಮಾತ್ರೆ, ಪವರ್ ಬ್ಯಾಂಕ್ ಎಲ್ಲವನ್ನೂ ಮೊದಲ ಸಲವೇ ಒಳಗೆ ತೆಗೆದುಕೊಂಡು ಹೋಗಿ. ಬ್ಯಾಗ್ ಬಿಡುವುದಿಲ್ಲ ಎನ್ನುವ ಕಡೆ ಸ್ವೆಟರನ್ನು ಸೊಂಟಕ್ಕೆ ಕಟ್ಟಿಕೊಂಡಾದರೂ ಹೋಗಿ. ಸಂಜೆಗೆ ಮುಂಚೆಯೇ ತೋಳಿರುವ ಅಂಗಿ ಹಾಕಿಕೊಂಡು ಬ್ಯಾಂಡನ್ನು ಅದರ ತೋಳಿನ ಮೇಲೆ ಕಟ್ಟಿಸಿಕೊಳ್ಳಬೇಡಿ, ಗೇಟಿನವರು ಒಪ್ಪುವುದಿಲ್ಲ. ಚರ್ಮದ ಮೇಲೇ ಕಟ್ಟಿಸಿಕೊಂಡು, ಸ್ವೆಟರ್ ಹಾಕುವಾಗ ಇನ್ನೊಂದು ಕೈಯಿಂದ ಬ್ಯಾಂಡನ್ನು ಮುಚ್ಚಿ ಹಿಡಿದು ತೋಳು ಇಳಿಸಿ. ಸೀಳು ಬಿಟ್ಟುಕೊಂಡರೆ ಒಳಗಿರುವಾಗಲೇ ಹೆಲ್ಪ್ ಡೆಸ್ಕ್‌ಗೆ ಹೋಗಿ ತೋರಿಸಿ. ಒಳಗಿರುವವರ ಹರಿದ ಬ್ಯಾಂಡ್ ಬದಲಿಸುವುದಕ್ಕೂ ಹೊರಗೆ ನಿಂತವರದನ್ನು ನಂಬುವುದಕ್ಕೂ ಬಹಳ ವ್ಯತ್ಯಾಸ ಇದೆ.

ಮೂರು ದಿನದ ಪಾಸ್‌ನವರು ನಿಶ್ಚಿಂತರೇನಲ್ಲ. ನಾವಿದ್ದ ಹೋಂಸ್ಟೇಯಲ್ಲೇ ಒಬ್ಬ ಹುಡುಗ ಶುಕ್ರವಾರ ರಾತ್ರಿ ಸ್ನಾನಕ್ಕೆ ಮುಂಚೆ ಬಿಗಿಯಾಗಿದೆ ಎಂದು ಕತ್ತರಿಯಲ್ಲಿ ಬ್ಯಾಂಡ್ ಕತ್ತರಿಸಿಕೊಂಡ. ಶನಿವಾರ ಕತ್ತರಿಸಿದ ತುಂಡನ್ನೇ ತೋರಿಸಿದರೂ ಬಿಡಲಿಲ್ಲ. ಬಟ್ಟೆಯ ಬ್ಯಾಂಡ್ ನೀರಿಗೆ ಏನೂ ಆಗುವುದಿಲ್ಲ, ಹಾಗೇ ಸ್ನಾನ ಮಾಡಿ. ಕಟ್ಟುವಾಗಲೇ ಒಂದು ಬೆರಳು ಒಳಗೆ ಹೋಗುವಷ್ಟು ಸಡಿಲ ಕೇಳಿ. ಅಂಗೈ ದಾಟಿ ಜಾರುವಷ್ಟು ಸಡಿಲ ಇದ್ದರೆ ಅದೂ ರದ್ದಾಗುತ್ತದೆ. ಕೈ ಊದಿ ನೋವಾದರೆ ಗೇಟಿಗೇ ಹೋಗಿ, ಅವರ ಕಣ್ಣೆದುರೇ ಕತ್ತರಿಸಿ ಹೊಸದು ಕಟ್ಟಿಸಿಕೊಳ್ಳಿ.

ಇನ್ನೊಂದು ವಿಷಯ ಕೊಡಗಿನಂಥ ಜಾಗದಲ್ಲಿ ಮುಖ್ಯ. ನೆಟ್‌ವರ್ಕ್ ಇಲ್ಲದ ಕಡೆ ಸ್ಕ್ಯಾನರ್‌ಗಳು ಟಿಕೆಟ್ ಪಟ್ಟಿಯನ್ನು ಮೊದಲೇ ಇಳಿಸಿಕೊಂಡು ಕೆಲಸ ಮಾಡುತ್ತವೆ, ಸಿಗ್ನಲ್ ಬಂದಾಗ ಒಂದಕ್ಕೊಂದು ಲೆಕ್ಕ ಹೊಂದಿಸಿಕೊಳ್ಳುತ್ತವೆ. ಅಲ್ಲಿಯವರೆಗೆ ಒಂದು ಗೇಟಿನಲ್ಲಿ ನೀವು ಹೊರಗೆ ಬಂದದ್ದು ಇನ್ನೊಂದು ಗೇಟಿಗೆ ತಿಳಿದಿರುವುದಿಲ್ಲ. ಸರಿಯಾಗಿ ಸ್ಕ್ಯಾನ್ ಮಾಡಿಸಿಕೊಂಡೇ ಹೊರಗೆ ಬಂದ ಇಬ್ಬರಿಗೂ ಆ ರಾತ್ರಿ ಕೆಂಪು ಬಂದದ್ದು ಇದೇ ಕಾರಣಕ್ಕೆ. ಅವರು ಮರಳಿದ್ದು ಬೇರೆ ಗೇಟಿನಿಂದ. ಆದ್ದರಿಂದ ಹೊರಗೆ ಬಂದ ಗೇಟಿನಿಂದಲೇ ಮರಳಿ. ಹೊರಗೆ ಬರುವಾಗ ಹಸಿರು ದೀಪವನ್ನು ಕಣ್ಣಾರೆ ನೋಡಿ, ಗಂಟೆ ಎಷ್ಟು ಎಂದು ನೆನಪಿಟ್ಟುಕೊಳ್ಳಿ. ಸ್ಕ್ಯಾನರ್ ಹಿಡಿದವರು ಇಲ್ಲದ ದಾರಿಯಲ್ಲಿ ಯಾರು ಕರೆದರೂ ಹೋಗಬೇಡಿ. ಬುಕಿಂಗ್ ನಂಬರನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಗೇಟಿನಲ್ಲಿ ಮೇಲ್ ತೆರೆಯುತ್ತದೆ ಎಂದು ನಂಬಬೇಡಿ. ಶನಿವಾರದ ಪಾಸ್ ರಾತ್ರಿ 12ಕ್ಕೆ ಮುಗಿಯುತ್ತದೆಯೋ ಬೆಳಗಿನ ಜಾವಕ್ಕೋ ಎಂಬುದನ್ನೂ ಮೊದಲೇ ಕೇಳಿ. ತಾರೀಖು ಬದಲಾದ ಕೂಡಲೇ ಪಾಸ್ ಸತ್ತುಹೋಗುವಂತೆ ಹೊಂದಿಸಿರುವ ಕಡೆಗಳೂ ಇವೆ.

ಭಾವ ಮರುದಿನವೇ ಆಯೋಜಕರಿಗೆ ಬರೆದರು. ಟಿಕೆಟ್ ಶನಿವಾರ ಸಂಜೆ ಬಳಕೆಯಾಗಿದೆ, ಆದ್ದರಿಂದ ಹಣ ಮರಳಿಸಲು ಬರುವುದಿಲ್ಲ ಎಂದು ಉತ್ತರ ಬಂತು. ಬೇಲಿಯ ದಾರಿಯ ಬಗ್ಗೆ ಒಂದು ಮಾತೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಸಿಬ್ಬಂದಿಯೇ ಆ ದಾರಿ ತೋರಿಸಿದ್ದಕ್ಕೆ ನಮ್ಮ ಬಳಿ ಸಾಕ್ಷಿ ಇರುವುದು ಹೆಲ್ಪ್ ಡೆಸ್ಕ್‌ನ ಸಾಲಿನಲ್ಲಿ ನಿಂತಿದ್ದವರು ಮಾತ್ರ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನೀವೂ ದೂರು ಕೊಡಿ, ಪಾರ್ಕಿಂಗ್ ಕಡೆಯ ಆ ದಾರಿಯ ಫೋಟೊ ತೆಗೆದಿದ್ದರೆ ದೂರಿನ ಜೊತೆ ಸೇರಿಸಿ.