ನಾಲ್ಕು ವರ್ಷದ ಡೇಟಾ ಸಿಮ್: ನೆಟ್‌ವರ್ಕ್‌ಗೆ ನಾಲ್ಕು ಸ್ಟಾರ್, ಬಿಲ್ಲಿಗೆ ಒಂದೇ

ಈ ಕಂಪನಿಯ ಪೋಸ್ಟ್‌ಪೇಯ್ಡ್ ಡೇಟಾ ಸಿಮ್ ಬಳಸೋಕೆ ಶುರು ಮಾಡಿ ನಾಲ್ಕು ವರ್ಷ ಆಯಿತು. ಫೋನಿಗಲ್ಲ, ಮನೆಯ ವೈಫೈ ರೂಟರ್‌ಗೆ. ರೂಟರ್ ಹಿಂದೆ ಸಿಮ್ ತೂರಿಸಿ ಕಿಟಕಿ ಪಕ್ಕ ಇಟ್ಟಿದ್ದು, ಆಮೇಲೆ ಅದನ್ನು ಮುಟ್ಟಿದ್ದು ಧೂಳು ಒರೆಸೋಕೆ ಮಾತ್ರ. ವೇಗದ ಬಗ್ಗೆ ನನಗೆ ತಕರಾರಿಲ್ಲ, ನಾಲ್ಕು ವರ್ಷದಲ್ಲಿ ಸಂಪರ್ಕ ದಿನಗಟ್ಟಲೆ ಹೋಗಿದ್ದು ಒಂದೇ ಸಲ. ಹಾಗಾಗಿ ಈ ವಿಮರ್ಶೆ ಪೂರ್ತಿ ಬಿಲ್ಲಿನ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ನಾನು ಯಾವತ್ತೂ ಕೇಳದ ಒಂದು ಡೇಟಾ ಪ್ಯಾಕಿಗೆ ಇವರು ಆರು ಸಲ ದುಡ್ಡು ಹಾಕಿದ್ದರ ಬಗ್ಗೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ತೀನಿ. ಬಿಲ್ ಆಟೋಪೇನಲ್ಲಿದೆ, ಬ್ಯಾಂಕಿನಿಂದ ಸುಮ್ನೆ ಕಟ್ ಆಗ್ತಾ ಇರುತ್ತೆ, ನಾನು ಬಿಲ್ ತೆರೆದು ನೋಡ್ತಾ ಇರಲಿಲ್ಲ. ಜನವರಿ ಬಿಲ್ ಸ್ವಲ್ಪ ಜಾಸ್ತಿ ಬಂದಾಗ ಬಾಡಿಗೆ ಏರಿಸಿರಬೇಕು ಅಂದುಕೊಂಡೆ. ಫೆಬ್ರವರಿ ಬಿಲ್ ಜನವರಿಗಿಂತ ಕಡಿಮೆ, ಆದರೆ ಡಿಸೆಂಬರ್‌ಗಿಂತ ಜಾಸ್ತಿ. ಅದು ವಿಚಿತ್ರ ಅನ್ನಿಸಿತು. ಬಾಡಿಗೆ ಏರಿದ್ದರೆ ಎರಡು ತಿಂಗಳೂ ಒಂದೇ ಮೊತ್ತ ಇರಬೇಕಿತ್ತಲ್ವಾ? ಆಗ ಪಿಡಿಎಫ್ ತೆರೆದೆ. ಮೊದಲ ಪುಟದಲ್ಲಿ ಏನೂ ಇಲ್ಲ, 'ಇತರೆ ಶುಲ್ಕ' ಅಂತ ಒಂದೇ ಸಾಲು. ಮೂರನೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಆಡ್-ಆನ್ ಡೇಟಾ ಪ್ಯಾಕ್ ಅಂತ ಇತ್ತು.

ಮಾರ್ಚ್ ಮೊದಲ ವಾರ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಹುಡುಗಿ ತುಂಬಾ ಮರ್ಯಾದೆಯಿಂದ ಮಾತಾಡಿದರು, "ಸರ್, ಈ ಸಲ ವಾಪಸ್ ಹಾಕ್ತೀನಿ" ಅಂದರು, ದೂರಿನ ನಂಬರ್ ಕೊಟ್ಟರು, ಸಂಜೆಯೊಳಗೆ ದೂರು ಮುಗಿದಿದೆ ಅಂತ ಮೆಸೇಜೂ ಬಂತು. ಮಾರ್ಚ್ ಬಿಲ್ಲಿನಲ್ಲಿ ಮತ್ತೆ ಅದೇ ಪ್ಯಾಕ್. ಏಪ್ರಿಲ್‌ನಲ್ಲಿ ಮತ್ತೆ ಫೋನ್, ಈ ಸಲ ಬೇರೆಯವರು, ಮತ್ತೆ ಒಂದು ಸಲದ ದುಡ್ಡು ವಾಪಸ್, ಮತ್ತೆ ದೂರು ಮುಗಿಯಿತು. ಏಪ್ರಿಲ್ ಬಿಲ್ಲಿನಲ್ಲೂ ಬಂತು.

ಆಗ ನಾನು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ನಾಲ್ಕೂ ಬಿಲ್ ಪಕ್ಕಪಕ್ಕ ಇಟ್ಟುಕೊಂಡು, ಮೊತ್ತ ಬಿಟ್ಟು ತಾರೀಖು ಮಾತ್ರ ಒಂದು ಹಾಳೆಯಲ್ಲಿ ಬರೆದೆ. ಜನವರಿ 3, ಜನವರಿ 31, ಫೆಬ್ರವರಿ 28, ಮಾರ್ಚ್ 28, ಏಪ್ರಿಲ್ 25. ಎರಡು ತಾರೀಖಿನ ನಡುವೆ ಎಣಿಸಿದರೆ ಪ್ರತಿ ಸಲವೂ ಸರಿಯಾಗಿ 28 ದಿನ. ಜನವರಿ ಬಿಲ್ ಯಾಕೆ ಜಾಸ್ತಿ ಇತ್ತು ಅಂತ ಆಗ ಗೊತ್ತಾಯಿತು. ಬಿಲ್ ತಿಂಗಳ ಲೆಕ್ಕ, ಪ್ಯಾಕ್ 28 ದಿನದ ಲೆಕ್ಕ, ಹಾಗಾಗಿ ಒಂದೇ ತಿಂಗಳಿಗೆ ಎರಡು ಸಲ ಬಿದ್ದಿತ್ತು. ಈ ತರಹ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ದುಡ್ಡು ಹೋಗುತ್ತೆ.

ಈ 28 ದಿನದ ಲೆಕ್ಕದಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತೆ. ಡೇಟಾ ಮುಗಿದು ಜಾಸ್ತಿ ಬಳಸಿದ್ದಕ್ಕೆ ಬೀಳುವ ಶುಲ್ಕವಾಗಿದ್ದರೆ ತಾರೀಖು ಹಿಂದೆ ಮುಂದೆ ಆಗಬೇಕು, ಸಾಮಾನ್ಯವಾಗಿ ತಿಂಗಳ ಕೊನೆಗೆ ಬರಬೇಕು. ಗಡಿಯಾರದ ಹಾಗೆ ಬರುತ್ತಿದೆ ಅಂದರೆ ಅದು ತಾನಾಗಿ ರಿನ್ಯೂ ಆಗುವ ಪ್ಯಾಕ್, ಎಲ್ಲೋ ನನ್ನ ನಂಬರಿಗೆ ಅಂಟಿಕೊಂಡು ಕೂತಿದೆ. ಕಸ್ಟಮರ್ ಕೇರ್‌ನವರು ಎರಡು ಸಲ ಮಾಡಿದ್ದು ಬಿಲ್ಲಿಂಗ್‌ನಲ್ಲಿ ದುಡ್ಡು ಕಳೆಯುವ ಕೆಲಸ ಅಷ್ಟೇ. ಪ್ಯಾಕ್ ಇರುವುದು ಬೇರೆ ಜಾಗದಲ್ಲಿ, ಅದನ್ನು ಯಾರೂ ಮುಟ್ಟಿರಲಿಲ್ಲ. ನಲ್ಲಿ ನಿಲ್ಲಿಸದೆ ನೆಲ ಒರೆಸಿದ ಹಾಗೆ.

ಸರಿ, ಇನ್ನು ಫೋನ್ ಬೇಡ ಅಂತ ಮೇ ಮೊದಲ ವಾರ ದೂರಿನ ಮೇಲ್ ಐಡಿಗೆ ಪತ್ರ ಬರೆದೆ. ಬೈಗುಳ ಇರುವ ಮೊದಲ ಕರಡು ಅಳಿಸಿ ಹಾಕಿದೆ (ಅದೇ ಚೆನ್ನಾಗಿತ್ತು, ಆದರೆ ಕೆಲಸಕ್ಕೆ ಬರುತ್ತಿರಲಿಲ್ಲ). ಕಳಿಸಿದ್ದು ಹೀಗಿತ್ತು:

"ಮಾನ್ಯರೇ, ನನ್ನ ಡೇಟಾ ನಂಬರಿಗೆ ಜನವರಿ 3ರಿಂದ 28 ದಿನಕ್ಕೊಮ್ಮೆ ಐದು ಸಲ ಆಡ್-ಆನ್ ಪ್ಯಾಕಿನ ಶುಲ್ಕ ಬಿದ್ದಿದೆ. ನಾನು ಇದನ್ನು ಆಕ್ಟಿವೇಟ್ ಮಾಡಿಲ್ಲ. ಹಿಂದಿನ ಎರಡು ದೂರುಗಳಲ್ಲಿ ಎರಡು ಶುಲ್ಕ ವಾಪಸ್ ಆಗಿದೆ, ಪ್ಯಾಕ್ ತೆಗೆದಿಲ್ಲ. ದಯವಿಟ್ಟು ಇವನ್ನು ಬರಹದಲ್ಲಿ ತಿಳಿಸಿ: ಪ್ಯಾಕ್ ಯಾವ ದಿನ, ಎಷ್ಟು ಗಂಟೆಗೆ, ಯಾವ ದಾರಿಯಿಂದ ಆಕ್ಟಿವೇಟ್ ಆಯಿತು? ನನ್ನ ಒಪ್ಪಿಗೆಗೆ ನಿಮ್ಮ ಬಳಿ ಏನು ದಾಖಲೆ ಇದೆ? ಈ ಪ್ಯಾಕಿನ ಲೆಕ್ಕದಿಂದಲೇ ಎಷ್ಟು ಡೇಟಾ ಖರ್ಚಾಗಿದೆ? ಮುಂದಿನ ರಿನ್ಯೂವಲ್ ಮೇ 23ಕ್ಕೆ ಬರುತ್ತದೆ, ಅದರ ಮೊದಲು ಪ್ಯಾಕ್ ತೆಗೆದು ಖಚಿತಪಡಿಸಿ."

ಮೂರನೇ ಪ್ರಶ್ನೆ ಸುಮ್ನೆ ಹಾಕಿದ್ದಲ್ಲ. ಇಂಥ ದೂರಿಗೆ ಮೊದಲ ಉತ್ತರ ಸಾಮಾನ್ಯವಾಗಿ "ನೀವು ಡೇಟಾ ಬಳಸಿದ್ದೀರಿ" ಅಂತ ಬರುತ್ತೆ, ಜೊತೆಗೆ ಒಂದು ದೊಡ್ಡ ಜಿಬಿ ಸಂಖ್ಯೆ. ಆದರೆ ಒಂದೇ ನಂಬರಿನಲ್ಲಿ ಮುಖ್ಯ ಪ್ಲಾನಿನ ಡೇಟಾ ಬೇರೆ, ಆಡ್-ಆನ್ ಡೇಟಾ ಬೇರೆ, ಎರಡು ಡಬ್ಬಿ ಇದ್ದ ಹಾಗೆ. ಒಟ್ಟು ಬಳಕೆ ತೋರಿಸಿದರೆ ಏನೂ ಸಾಬೀತಾಗಲ್ಲ, ಯಾವ ಡಬ್ಬಿಯಿಂದ ಹೋಯಿತು ಅಂತ ತೋರಿಸಬೇಕು. ನನ್ನ ಮುಖ್ಯ ಪ್ಲಾನಿನಲ್ಲಿ ಪ್ರತಿ ತಿಂಗಳೂ ಡೇಟಾ ಉಳಿಯುತ್ತಿತ್ತು, ಆ್ಯಪ್‌ನ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೆ.

ಉತ್ತರ ಬರೋಕೆ ಎರಡು ವಾರ ಹಿಡಿಯಿತು. ಪ್ಯಾಕಿನಿಂದ ಖರ್ಚಾದ ಡೇಟಾ ಸೊನ್ನೆ ಅಂತ ಅವರೇ ಒಪ್ಪಿದ್ದರು. ಆದರೆ ಪ್ಯಾಕ್ ಸರಿಯಾಗೇ ಆಕ್ಟಿವೇಟ್ ಆಗಿದೆಯಂತೆ. ಜನವರಿ 3, ಬೆಳಿಗ್ಗೆ 11:42, ದಾರಿ: ಟೆಲಿಕಾಲಿಂಗ್. ಅಂದರೆ ಅವರ ಕಡೆಯವರು ಈ ನಂಬರಿಗೆ ಫೋನ್ ಮಾಡಿ ಪ್ಯಾಕ್ ಬಗ್ಗೆ ಹೇಳಿದರು, ನಾನು ಬಾಯಲ್ಲಿ ಹೂಂ ಅಂದೆ.

ಇದನ್ನು ಓದಿ ನನಗೆ ಸಿಟ್ಟಿನ ಬದಲು ನಗು ಬಂತು. ಈ ನಂಬರ್ ಇರುವುದು ರೂಟರ್‌ನಲ್ಲಿ. ಅದಕ್ಕೆ ಸ್ಪೀಕರ್ ಇಲ್ಲ, ಮೈಕ್ ಇಲ್ಲ, ಫೋನ್ ಸಿಕ್ಕಿಸುವ ತೂತೂ ಇಲ್ಲ. ಪ್ಲಾನ್ ಕೂಡ ಡೇಟಾ ಮಾತ್ರ, ಕರೆ ಸೌಲಭ್ಯವೇ ಇಲ್ಲ, ಅದು ಅವರ ಬಿಲ್ಲಿನ ಮೊದಲ ಪುಟದಲ್ಲೇ ಅಚ್ಚಾಗಿದೆ. ಕಿಟಕಿ ಪಕ್ಕ ಕೂತ ಡಬ್ಬ ಬೆಳಿಗ್ಗೆ 11:42ಕ್ಕೆ ಹೂಂ ಅಂದಿತಂತೆ!

ಆದರೂ ಪೂರ್ತಿ ಪರೀಕ್ಷೆ ಮಾಡೋಣ ಅಂತ ಬ್ರೌಸರ್‌ನಲ್ಲಿ 192.168.1.1 ಹಾಕಿ ರೂಟರ್ ಪುಟ ತೆರೆದೆ. ಸಿಮ್ ಹಾಕುವ ರೂಟರ್‌ಗಳಲ್ಲಿ ಎಸ್ಸೆಮ್ಮೆಸ್ ನೋಡುವ ಜಾಗ ಇರುತ್ತೆ, ನಾಲ್ಕು ವರ್ಷದಲ್ಲಿ ನಾನು ಅಲ್ಲಿಗೆ ಹೋಗಿರಲೇ ಇಲ್ಲ. ಇನ್‌ಬಾಕ್ಸ್ ಮೇಲೆ 100/100 ಅಂತ ಇತ್ತು. ತುಂಬಿ ತುಳುಕಿದೆ. ಕೊನೆಯ ಮೆಸೇಜ್ ಎರಡು ವರ್ಷ ಹಿಂದಿನದು, ಅದಾದ ಮೇಲೆ ಬಂದಿದ್ದಕ್ಕೆ ಜಾಗವೇ ಇರಲಿಲ್ಲ. ಪ್ಯಾಕ್ ಆಕ್ಟಿವೇಟ್ ಆಗಿದೆ, ರಿನ್ಯೂ ಆಗಿದೆ ಅಂತ ಅವರು ಮೆಸೇಜ್ ಕಳಿಸಿರಬಹುದು, ಆದರೆ ಅದು ಇಲ್ಲಿಗೆ ತಲುಪಿಲ್ಲ. ದೂರಿನ ಮೆಸೇಜ್‌ಗಳು ನನಗೆ ಬಂದಿದ್ದು ನಾನು ಕೊಟ್ಟಿದ್ದ ಇನ್ನೊಂದು ಮೊಬೈಲ್ ನಂಬರಿಗೆ, ಪ್ಯಾಕಿನ ಮೆಸೇಜ್ ಆ ನಂಬರಿಗೆ ಒಂದೂ ಬಂದಿಲ್ಲ. ಕಳಿಸಿದ ಮೆಸೇಜ್‌ಗಳ ಪಟ್ಟಿ ಖಾಲಿ. ಅಂದರೆ ಈ ಸಿಮ್‌ನಿಂದ ಯಾರೂ ಏನಕ್ಕೂ ಉತ್ತರ ಕೊಟ್ಟಿಲ್ಲ. ಎರಡೂ ಪುಟದ ಫೋಟೋ ತೆಗೆದೆ, ಆಮೇಲಷ್ಟೇ ಹಳೆಯದನ್ನು ಅಳಿಸಿದೆ. ಮೊದಲೇ ಅಳಿಸಿದ್ದರೆ ನನ್ನ ಕೈಯಲ್ಲಿದ್ದ ಒಳ್ಳೇ ಸಾಕ್ಷಿ ಹೋಗುತ್ತಿತ್ತು.

ಇಷ್ಟರಲ್ಲಿ ಮೇ 23 ಬಂತು, ಆರನೇ ಶುಲ್ಕವೂ ಬಿತ್ತು. ಮರುದಿನ ಎರಡನೇ ಪತ್ರ, ಈ ಸಲ ಮೇಲ್ಮನವಿ ಅಧಿಕಾರಿಗೆ, ಹಳೆಯ ಮೂರೂ ದೂರಿನ ನಂಬರ್ ಮೇಲೆಯೇ ಬರೆದು. ಅದರಲ್ಲಿ ಹೊಸದಾಗಿ ಕೇಳಿದ್ದು ಒಂದೇ: "ನೀವು ಹೇಳುವ ಕರೆಯ ರೆಕಾರ್ಡಿಂಗ್ ಕಳಿಸಿ, ಇಲ್ಲದಿದ್ದರೆ ಇಲ್ಲ ಅಂತ ಬರೆದು ಕೊಡಿ. ಈ ಸಿಮ್ ಕರೆ ಸೌಲಭ್ಯವಿಲ್ಲದ ಪ್ಲಾನಿನಲ್ಲಿದೆ, ರೂಟರ್‌ನಲ್ಲಿದೆ, ಕರೆ ಸ್ವೀಕರಿಸಲು ಸಾಧ್ಯವೇ ಇಲ್ಲ."

ಆಟೋಪೇ ನಿಲ್ಲಿಸಬೇಕಾ ಅಂತ ತುಂಬಾ ಯೋಚಿಸಿದೆ. ನಿಲ್ಲಿಸಿದರೆ ಬಾಕಿ ಅಂತ ತೋರಿಸಿ ಲೇಟ್ ಫೀ ಹಾಕಿ, ಕೊನೆಗೆ ಸಂಪರ್ಕ ಕಡಿದರೆ ನಷ್ಟ ನನಗೇ. ಹಾಗಾಗಿ ಕಟ್ಟುತ್ತಾ ಹೋದೆ, ಪತ್ರದಲ್ಲಿ ಮಾತ್ರ "ಈ ಶುಲ್ಕವನ್ನು ಒಪ್ಪಿ ಕಟ್ಟುತ್ತಿಲ್ಲ" ಅಂತ ಒಂದು ಸಾಲು ಸೇರಿಸಿದೆ.

ಹತ್ತು ದಿನಕ್ಕೆ ಒಬ್ಬರು ಫೋನ್ ಮಾಡಿದರು. ಅವರು ಕಡತ ಓದಿದವರು ಅಂತ ಮಾತಲ್ಲೇ ಗೊತ್ತಾಯಿತು. ರೆಕಾರ್ಡಿಂಗ್ ಸಿಗುತ್ತಿಲ್ಲ ಅಂದರು. ನಾನು ಅದನ್ನೇ ಮೇಲ್ ಮಾಡಿ ಅಂದೆ, ಸ್ವಲ್ಪ ಹೊತ್ತು ಸುಮ್ಮನಿದ್ದರು, ಆದರೆ ಮಾಡಿದರು. ಯಾರು ಹೀಗೆ ಹಾಕಿದ್ದು ಅಂತ ಕೇಳಿದ್ದಕ್ಕೆ "ಒಳಗೆ ವಿಚಾರಿಸ್ತೀವಿ ಸರ್" ಅನ್ನೋದಕ್ಕಿಂತ ಜಾಸ್ತಿ ಬರಲಿಲ್ಲ. ಪ್ಯಾಕ್ ತೆಗೆದಿದ್ದೇವೆ, ಇನ್ನು ಮುಂದೆ ಈ ನಂಬರಿಗೆ ಯಾವ ಆಡ್-ಆನ್ ಕೂಡ ಹಾಕಲಾಗದಂತೆ ತಡೆ ಹಾಕಿದ್ದೇವೆ ಅಂತ ಬರಹದಲ್ಲಿ ಕೊಟ್ಟರು. ಈ ತಡೆಯನ್ನು ನಾನು ಕೇಳಿದ್ದರಿಂದ ಹಾಕಿದರು, ಮೊದಲೇ ಗೊತ್ತಿದ್ದರೆ ಮಾರ್ಚ್‌ನಲ್ಲೇ ಕೇಳುತ್ತಿದ್ದೆ. ಮಾತನ್ನು ನಂಬದೆ ಜೂನ್ 20ಕ್ಕೆ ಕಾದೆ, ಲೆಕ್ಕದ ಪ್ರಕಾರ ಏಳನೇ ಶುಲ್ಕ ಅವತ್ತು ಬೀಳಬೇಕಿತ್ತು. ಬೀಳಲಿಲ್ಲ.

ಜೂನ್ ಬಿಲ್ಲಿನಲ್ಲಿ ಉಳಿದ ನಾಲ್ಕು ಶುಲ್ಕ ವಾಪಸ್ ಬಂತು. ಕೂಡಿಸಿ ನೋಡಿದರೆ ಸ್ವಲ್ಪ ಕಡಿಮೆ. ಪ್ಯಾಕಿನ ಬೆಲೆ ಮಾತ್ರ ಕೊಟ್ಟಿದ್ದಾರೆ, ಅದರ ಮೇಲಿನ ತೆರಿಗೆ ಕೊಟ್ಟಿಲ್ಲ, ಯಾಕಂದರೆ ತೆರಿಗೆ ಬಿಲ್ಲಿನ ಕೊನೆಯಲ್ಲಿ ಎಲ್ಲಾ ಸೇರಿಸಿ ಒಂದೇ ಸಾಲಲ್ಲಿ ಬರುತ್ತೆ, ಪ್ಯಾಕಿನ ಪಕ್ಕ ಕಾಣಲ್ಲ. ಹಿಂದೆ ಹೋಗಿ ನೋಡಿದರೆ ಮಾರ್ಚ್, ಏಪ್ರಿಲ್‌ನಲ್ಲಿ ಕಸ್ಟಮರ್ ಕೇರ್‌ನವರು ಕೊಟ್ಟಿದ್ದರಲ್ಲೂ ಅದೇ ಕಥೆ. ಮೂರನೇ ಪತ್ರ ಬರೆದ ಮೇಲೆ ನಾಲ್ಕು ಶುಲ್ಕದ ತೆರಿಗೆ ಜುಲೈ ಬಿಲ್ಲಿನಲ್ಲಿ ಬಂತು. ಮೊದಲ ಎರಡರದ್ದು ಬರಲ್ವಂತೆ, ಆ ದೂರುಗಳು ಮುಗಿದಿವೆಯಂತೆ. ಮೊತ್ತ ದೊಡ್ಡದಲ್ಲ, ಆದರೆ ಬಿಡೋಕೆ ಮನಸ್ಸಿಲ್ಲ. ನಾಲ್ಕನೇ ಪತ್ರ ನಿನ್ನೆ ಹೋಗಿದೆ, ಈಗ ರೂಟರ್ ಇನ್‌ಬಾಕ್ಸ್ ಕೂಡ ಆಗಾಗ ನೋಡ್ತೀನಿ. ಸದ್ಯಕ್ಕೆ 4/100.