25 ಪರ್ಸೆಂಟ್ ಏರಿಸಿ 25 ಪರ್ಸೆಂಟ್ ಇಳಿಸಿದರೆ ಹಳೇ ಸಂಬಳ ಬರಲ್ಲ, ಎಚ್ಚರ

‘ಹೆಚ್ಚಿಸಿದಷ್ಟೇ ಶೇಕಡಾ ಪ್ರಮಾಣದಲ್ಲಿ ಇಳಿಸಿ ಮೊದಲಿನ ಸಂಬಳಕ್ಕೆ ತರಲಾಗುವುದು.’ ಇಂಥ ಸಾಲಿರುವ ಪತ್ರ ನಿಮ್ಮ ಕೈಗೆ ಬಂದರೆ ಸಹಿ ಹಾಕುವ ಮುಂಚೆ ಕ್ಯಾಲ್ಕುಲೇಟರ್ ತೆಗೆಯಿರಿ. ಏರಿದ ಸಂಬಳದ ಮೇಲೆ ಲೆಕ್ಕ ಹಾಕಿ ಇಳಿಸಿದರೆ ಆ ಸಾಲಿನಲ್ಲಿ ಹೇಳಿರುವ ಎರಡು ಮಾತೂ ಒಟ್ಟಿಗೆ ನಿಜವಾಗಲು ಸಾಧ್ಯವೇ ಇಲ್ಲ. ನಮ್ಮ ತಂಡದವರೆಲ್ಲರ ಸಂಬಳ ಮೊದಲಿಗಿಂತ ಕೆಳಗೆ ಇಳಿದಿದ್ದು ಈ ಒಂದು ಸಾಲಿನಿಂದ.

ಆಗಿದ್ದು ಇಷ್ಟು. ಒಂದು ದೊಡ್ಡ ಪ್ರಾಜೆಕ್ಟ್ ಬಂತು, ಕೆಲಸದ ಹೊತ್ತು ಜಾಸ್ತಿಯಾಯಿತು. ಅದು ಮುಗಿಯುವ ತನಕ ಎಲ್ಲರಿಗೂ 25 ಪರ್ಸೆಂಟ್ ಸಂಬಳ ಏರಿಸಿದರು. ನನ್ನ 40,000 ಹೀಗೆ 50,000 ಆಯಿತು. ಪ್ರಾಜೆಕ್ಟ್ ಮುಗಿದ ಮೇಲೆ ಮೇಲಿನ ಪತ್ರ ಬಂತು. ಏರಿಸಿದ್ದನ್ನು ಇಳಿಸುವುದು ನ್ಯಾಯವೇ, ಅದಕ್ಕೆ ಯಾರದ್ದೂ ತಕರಾರಿರಲಿಲ್ಲ. ಆದರೆ ಮುಂದಿನ ಪೇಸ್ಲಿಪ್‌ನಲ್ಲಿ 40,000 ಬದಲು 37,500 ಇತ್ತು.

ಎಚ್‌ಆರ್‌ನವರನ್ನು ಕೇಳಿದಾಗ ಬಂದ ಉತ್ತರ: ‘ಕೊಟ್ಟಿದ್ದೂ 25, ತಗೊಂಡಿದ್ದೂ 25. ಇದರಲ್ಲಿ ವ್ಯತ್ಯಾಸ ಹೇಗೆ ಬರುತ್ತೆ ಸರ್? ಬೇರೆ ಏನೋ ಕಟ್ ಆಗಿರಬೇಕು, ನೋಡ್ಕೊಳ್ಳಿ.’ ಬೇರೆ ಏನೂ ಕಟ್ ಆಗಿರಲಿಲ್ಲ. ಅವರು ಸುಳ್ಳು ಹೇಳುತ್ತಿದ್ದರು ಅಂತಲೂ ನನಗೆ ಅನಿಸುವುದಿಲ್ಲ. ಕೇಳುವುದಕ್ಕೆ ಅಷ್ಟು ಸರಿಯಾಗಿ ಕೇಳಿಸುವ ಮಾತು ಅದು.

ಕೊನೆಗೆ ನಾವು ಕೆಲವರು ಪೇಸ್ಲಿಪ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಹಿರಿಯರೊಬ್ಬರದು 64,000 ಇದ್ದದ್ದು 80,000 ಆಗಿ, ಈಗ 60,000ಕ್ಕೆ ನಿಂತಿತ್ತು. ಅವರಿಗೆ 4,000 ನಷ್ಟ. ಹೊಸದಾಗಿ ಸೇರಿದ ಹುಡುಗಿಯದು 24,000 ಇದ್ದದ್ದು 30,000 ಆಗಿ, ಈಗ 22,500. ಅವಳಿಗೆ 1,500 ನಷ್ಟ. ನನಗೆ 2,500. ನೋಡಲು ಮೂರೂ ಬೇರೆ ಬೇರೆ ಮೊತ್ತ. ಆದರೆ ಅವರವರ ಹಳೇ ಸಂಬಳಕ್ಕೆ ಹೋಲಿಸಿದರೆ ಮೂರೂ ಸರಿಯಾಗಿ ಹದಿನಾರನೇ ಒಂದು ಭಾಗ. ಯಾರೋ ಅಂಕಿ ತಪ್ಪಾಗಿ ಟೈಪ್ ಮಾಡಿದ್ದರೆ ಹೀಗೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಕಡಿಮೆ ಆಗುತ್ತಿರಲಿಲ್ಲ, ಅಲ್ವಾ?

ಈ ಹದಿನಾರನೇ ಭಾಗ ಎಲ್ಲಿಂದ ಬಂತು ಅನ್ನುವುದೇ ಇಲ್ಲಿ ಮುಖ್ಯ. ನನ್ನ ಲೆಕ್ಕವನ್ನೇ ನೋಡಿ. ಏರಿಸುವಾಗ 40,000ದ ಕಾಲು ಭಾಗ, ಅಂದರೆ 10,000 ಸೇರಿಸಿದರು. ಇಳಿಸುವಾಗ 50,000ದ ಕಾಲು ಭಾಗ ತೆಗೆದರು. ಆ 50,000ದಲ್ಲಿ ಎರಡು ತುಂಡುಗಳಿವೆ: ನನ್ನ ಹಳೇ 40,000 ಒಂದು, ಮೇಲೆ ಕೊಟ್ಟ 10,000 ಇನ್ನೊಂದು. ಹಳೇ ತುಂಡಿನ ಕಾಲು ಭಾಗ ತೆಗೆದಾಗಲೇ 10,000 ಹೋಯಿತು. ಕೊಟ್ಟಿದ್ದು ಪೂರ್ತಿ ಅಲ್ಲಿಗೆ ವಾಪಸಾಯಿತು. ಆಮೇಲೆ ಮೇಲೆ ಕೊಟ್ಟಿದ್ದ ತುಂಡಿನದೂ ಕಾಲು ಭಾಗ ತೆಗೆದರು. ಅದೇ ಈ 2,500. ಕಾಲಿನ ಕಾಲು, ಹದಿನಾರನೇ ಒಂದು ಭಾಗ. ಪರ್ಸೆಂಟ್‌ನಲ್ಲಿ ಹೇಳಿದರೆ 6.25.

ಎಷ್ಟೇ ಪರ್ಸೆಂಟ್ ಇರಲಿ, ಲೆಕ್ಕ ಹೀಗೇ ನಡೆಯುತ್ತದೆ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ 100ರಿಂದ ಭಾಗಿಸಿ. ಬಂದಷ್ಟು ಪರ್ಸೆಂಟ್ ನಷ್ಟ. 10 ಏರಿಸಿ 10 ಇಳಿಸಿದರೆ 1 ಪರ್ಸೆಂಟ್ ಹೋಗುತ್ತದೆ. 20ಕ್ಕೆ 4 ಹೋಗುತ್ತದೆ. 50ಕ್ಕೆ 25 ಪರ್ಸೆಂಟ್ ಹೋಗುತ್ತದೆ, ಅಂದರೆ ಮೂಲದ ಕಾಲು ಭಾಗವೇ ಮಾಯ. ಸಣ್ಣ ಸಂಖ್ಯೆಯಾದರೆ ಇದು ಕಣ್ಣಿಗೇ ಬೀಳುವುದಿಲ್ಲ. 2 ಪರ್ಸೆಂಟ್ ಏರಿಸಿ ಇಳಿಸಿದ್ದರೆ ನನಗೆ 39,984 ಬರುತ್ತಿತ್ತು. 16 ಕಡಿಮೆ ಬಂತು ಅಂತ ಯಾರು ತಾನೇ ಕೇಳಲು ಹೋಗುತ್ತಾರೆ? ಬಹಳ ಜನ ಇದನ್ನು ನೋಡಿಯೇ ಇಲ್ಲದಿರುವುದಕ್ಕೆ ಅದೇ ಕಾರಣ ಇರಬೇಕು.

ಹಾಗಾದರೆ ಎಷ್ಟು ಇಳಿಸಬೇಕಿತ್ತು? 50,000ದಿಂದ 40,000ಕ್ಕೆ ಬರಲು 10,000 ತೆಗೆಯಬೇಕು. ಅದು 50,000ದ ಐದನೇ ಒಂದು ಭಾಗ, ಅಂದರೆ 20 ಪರ್ಸೆಂಟ್. 25 ಏರಿಸಿದ್ದನ್ನು ಸರಿಯಾಗಿ ವಾಪಸ್ ತರಲು 20 ಇಳಿಸಿದರೆ ಸಾಕು. ಇದನ್ನು ಹೇಳಿದಾಗ ಅಕೌಂಟ್ಸ್‌ನವರೊಬ್ಬರು ಅನುಮಾನದಿಂದಲೇ ನೋಡಿದರು. ‘25 ಕೊಟ್ಟು 20 ತಗೋಬೇಕಾ? ಚೆನ್ನಾಗಿದೆ!’ ಅಂದರು. ಅವರ ಶೀಟ್‌ನಲ್ಲೇ ಎರಡು ಫಾರ್ಮುಲಾ ಹಾಕಿ ತೋರಿಸಬೇಕಾಯಿತು. B2ನಲ್ಲಿ ಏರಿದ ಸಂಬಳ 50,000 ಇದೆ. ಅವರು ಬಳಸಿದ್ದು ಮೊದಲನೆಯದು, ಬಳಸಬೇಕಿದ್ದದ್ದು ಎರಡನೆಯದು:

```
=B2*(1-25%)
=B2/(1+25%)
```

ಮೊದಲನೆಯದಕ್ಕೆ 37,500 ಬರುತ್ತದೆ, ಎರಡನೆಯದಕ್ಕೆ 40,000. ಗುಣಿಸಿ ಏರಿಸಿದ್ದನ್ನು ಅದೇ ಸಂಖ್ಯೆಯಿಂದ ಭಾಗಿಸಿಯೇ ಇಳಿಸಬೇಕು. 1.25ರಿಂದ ಗುಣಿಸಿ ಆಮೇಲೆ 0.75ರಿಂದ ಗುಣಿಸಿದರೆ 0.9375 ಆಗುತ್ತದೆ, 1 ಆಗುವುದಿಲ್ಲ.

ಆಗ ಇನ್ನೊಂದು ವಾದ ಬಂತು: ಮೊದಲು ಇಳಿಸಿ ಆಮೇಲೆ ಏರಿಸಿದ್ದರೆ ಸರಿಹೋಗುತ್ತಿತ್ತಂತೆ. ಅದೂ ಇಲ್ಲ. 40,000ದಲ್ಲಿ 25 ಪರ್ಸೆಂಟ್ ಇಳಿಸಿದರೆ 30,000. ಅದರ ಮೇಲೆ 25 ಏರಿಸಿದರೆ ಮತ್ತೆ ಅದೇ 37,500. ಯಾವುದು ಮೊದಲು ಅನ್ನುವುದರಿಂದ ಉತ್ತರ ಬದಲಾಗುವುದಿಲ್ಲ. ಕಷ್ಟದ ಕಾಲದಲ್ಲಿ ಸಂಬಳ ಕಡಿತ ಮಾಡಿ, ಆಮೇಲೆ ‘ಕಡಿತ ಮಾಡಿದಷ್ಟೇ ಪರ್ಸೆಂಟ್ ಹೆಚ್ಚಿಸಿದ್ದೇವೆ’ ಅನ್ನುವವರ ವಿಷಯದಲ್ಲೂ ಹುಷಾರಾಗಿರಿ. 25 ಕಡಿತವಾದದ್ದು ಪೂರ್ತಿ ವಾಪಸ್ ಬರಲು 33.33 ಏರಿಸಬೇಕು.

ಒಂದು ಸಂದರ್ಭದಲ್ಲಿ ಮಾತ್ರ ‘ಅಷ್ಟೇ ಶೇಕಡಾ’ ಅನ್ನುವುದು ಸರಿ. ಏರಿಕೆಯೂ ಇಳಿಕೆಯೂ ಮೂಲ ಸಂಬಳದ ಮೇಲೇ ಅಂತ ಬರೆದಿದ್ದರೆ ಎರಡೂ ಸಲ 10,000ವೇ ಆಗುತ್ತದೆ, ಲೆಕ್ಕ ಚುಕ್ತಾ. ಆದ್ದರಿಂದ ಪತ್ರದಲ್ಲಿ ‘ಶೇಕಡಾ’ ಅನ್ನುವ ಕಡೆ ‘ಯಾವುದರ?’ ಅಂತ ಹುಡುಕಿ. ‘ಮೂಲ ಸಂಬಳದ’ ಅಂತಿದ್ದರೆ ಸರಿ. ‘ಪ್ರಸ್ತುತ ಸಂಬಳದ’ ಅಂತಿದ್ದರೆ ನಿಮಗೆ ಕಡಿಮೆ ಬರುತ್ತದೆ. ಏನೂ ಇಲ್ಲದಿದ್ದರೆ ಕಂಪ್ಯೂಟರ್ ಮುಂದೆ ಕೂತವರು ಸುಮ್ನೆ ಆಗ ಇರುವ ಮೊತ್ತದ ಮೇಲೇ ಹಾಕಿಬಿಡುವ ಸಾಧ್ಯತೆ ಜಾಸ್ತಿ.

ಆಮೇಲೆ ನೋಡೋಣ ಅಂತ ಬಿಡಬೇಡಿ. ಮುಂದಿನ ಇಂಕ್ರಿಮೆಂಟ್ ಕೂಡ ಈ ಕಡಿಮೆಯಾದ ಮೊತ್ತದ ಮೇಲೇ ಬೀಳುತ್ತದೆ. 8 ಪರ್ಸೆಂಟ್ ಕೊಟ್ಟರೆ 37,500 ಇದ್ದದ್ದು 40,500 ಆಗುತ್ತದೆ. 40,000 ಇದ್ದಿದ್ದರೆ 43,200 ಆಗುತ್ತಿತ್ತು. 2,500 ಇದ್ದ ಅಂತರ ಆಗಲೇ 2,700 ಆಯಿತು. ಇನ್ನೊಂದು ಪ್ರಾಜೆಕ್ಟ್‌ಗೂ ಇದೇ ರೀತಿ ಏರಿಸಿ ಇಳಿಸಿದರೆ ಹದಿನಾರನೇ ಭಾಗ ಇನ್ನೊಮ್ಮೆ ಹೋಗುತ್ತದೆ.

ನಮ್ಮ ಪತ್ರವನ್ನು ಕೊನೆಗೆ ಬದಲಿಸಿದರು, ಕಡಿಮೆ ಕೊಟ್ಟದ್ದನ್ನು ಮುಂದಿನ ಸಂಬಳದ ಜೊತೆ ಸೇರಿಸಿ ಕೊಟ್ಟರು. ಹೊಸ ಪತ್ರದಲ್ಲಿ ಪರ್ಸೆಂಟ್ ಬೇಡವೇ ಬೇಡ ಅಂತ ನಾವು ಹಟ ಹಿಡಿದೆವು. ಯಾವ ತಾರೀಕಿನಿಂದ, ಎಷ್ಟು ಸಂಬಳ, ಎರಡನ್ನೂ ಅಂಕಿಯಲ್ಲೇ ಬರೆಸಿಕೊಂಡೆವು.