ಪಂಚಾಯಿತಿ ಚುನಾವಣೆ: ಯಾವ ಆಯೋಗದ ಬಾಗಿಲು ತಟ್ಟಬೇಕು?

ಗ್ರಾಮ ಪಂಚಾಯಿತಿ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲ ಅಂದ್ರೆ ದೂರು ಯಾರಿಗೆ? ಸಂವಿಧಾನದ 243ಕೆ ವಿಧಿಯಂತೆ ಪಂಚಾಯಿತಿ ಚುನಾವಣೆ, ಅದರ ಪಟ್ಟಿ ಎರಡೂ ರಾಜ್ಯ ಚುನಾವಣಾ ಆಯೋಗದ ಹೊಣೆ. ಲೋಕಸಭೆ, ವಿಧಾನಸಭೆ ಚುನಾವಣೆ ಭಾರತ ಚುನಾವಣಾ ಆಯೋಗದ್ದು.

ಆದರೆ ಒಂದು ತೊಡಕಿದೆ. ಕರ್ನಾಟಕದಲ್ಲಿ ವಿಧಾನಸಭೆಯ ಪಟ್ಟಿಯನ್ನೇ ವಾರ್ಡುವಾರು ಬಿಡಿಸಿ ಪಂಚಾಯಿತಿ ಪಟ್ಟಿ ಮಾಡುತ್ತಾರೆ. ಹಾಗಾಗಿ ಮೊದಲು ಎರಡೂ ಪಟ್ಟಿ ನೋಡಿ. ವಿಧಾನಸಭೆ ಪಟ್ಟಿಯಲ್ಲೇ ಹೆಸರಿಲ್ಲದಿದ್ದರೆ ಮತಗಟ್ಟೆ ಅಧಿಕಾರಿಗೆ ನಮೂನೆ 6 ಕೊಡಿ. ಅಲ್ಲಿದ್ದು, ಇಲ್ಲಿ ಪಕ್ಕದ ವಾರ್ಡಿಗೆ ಸೇರಿದ್ದರೆ, ಕರಡು ಪಟ್ಟಿಯ ಆಕ್ಷೇಪಣೆ ಅವಧಿಯಲ್ಲೇ ತಾಲ್ಲೂಕು ಕಚೇರಿಗೆ ಬರೆದುಕೊಡಿ. ನನ್ನ ಪ್ರಕಾರ ಜಾಸ್ತಿ ಜನ ಎಡವುವುದು ಇಲ್ಲೇ.

ಇನ್ನೊಂದು ಮಾತು. ಪಂಚಾಯಿತಿ ಸದಸ್ಯರು ಮತ ಹಾಕುವ ವಿಧಾನ ಪರಿಷತ್ ಚುನಾವಣೆಯೂ ಭಾರತ ಚುನಾವಣಾ ಆಯೋಗದ್ದೇ.